ಬಿಡದ ಜ್ವರ, ಊದಿದ ಕೈ, ಒಳಗೆ ಉಬ್ಬುವ ರಕ್ತನಾಳ

ಮಕ್ಕಳಿಗೆ ಜ್ವರ ಬರುವುದು ಹೊಸದಲ್ಲ. ಜ್ವರದ ಜೊತೆ ಮೈಮೇಲೆ ದದ್ದು ಏಳುವುದೂ ಹೊಸದಲ್ಲ. ಹೆಚ್ಚಿನ ಸಲ ಅದು ಯಾವುದೋ ವೈರಸ್ ಆಗಿರುತ್ತದೆ. ಮೂರು ನಾಲ್ಕು ದಿನ ಕಾಡಿಸಿ ತಾನೇ ಹೋಗುತ್ತದೆ. ಹಾಗೆ ಹೋಗದ ಒಂದು ಜ್ವರದ ಬಗ್ಗೆ ನಾನು ಇವತ್ತು ಮಾತಾಡುತ್ತೇನೆ. ಐದು ದಿನವಾದರೂ ಅದು ಬಿಡುವುದಿಲ್ಲ. ಪ್ಯಾರಾಸಿಟಮಾಲ್ ಕೊಟ್ಟರೆ ಸ್ವಲ್ಪ ಹೊತ್ತು ತಗ್ಗಿ ಮತ್ತೆ ಏರುತ್ತದೆ. ಆಂಟಿಬಯೋಟಿಕ್‌ಗೆ ಜಗ್ಗುವುದಿಲ್ಲ. ಕಣ್ಣು ಕೆಂಪಾಗುತ್ತದೆ, ತುಟಿ ಒಡೆಯುತ್ತದೆ, ಕೈಕಾಲು ಊದಿಕೊಳ್ಳುತ್ತವೆ. ಇದಕ್ಕೆ ಕವಾಸಾಕಿ ಕಾಯಿಲೆ ಎಂದು ಹೆಸರು.

ಈ ಕಾಯಿಲೆಯಲ್ಲಿ ಒಂದು ಮೋಸ ಇದೆ. ಚಿಕಿತ್ಸೆ ಕೊಡದಿದ್ದರೂ ಜ್ವರ, ದದ್ದು, ಊತ ಎಲ್ಲವೂ ಒಂದು ದಿನ ತಾವಾಗಿಯೇ ಹೋಗುತ್ತವೆ. ಸಾಮಾನ್ಯವಾಗಿ ಎರಡನೇ ವಾರದಲ್ಲಿ, ಕೆಲವರಿಗೆ ಮೂರನೇ ವಾರದಲ್ಲಿ. ಮಗು ಊಟ ಮಾಡುತ್ತದೆ, ಆಟಕ್ಕೆ ಏಳುತ್ತದೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ. ಅದೇ ಹೊತ್ತಿನಲ್ಲಿ ಮಗುವಿನ ಹೃದಯದ ರಕ್ತನಾಳ ಒಳಗೊಳಗೇ ಉಬ್ಬುತ್ತಿರಬಹುದು. ನೋವಿಲ್ಲ, ಸದ್ದಿಲ್ಲ. ಸ್ಟೆತಸ್ಕೋಪ್ ಇಟ್ಟರೂ ಆ ಉಬ್ಬು ಕೇಳುವುದಿಲ್ಲ.

ಟೋಕಿಯೋದ ಮಕ್ಕಳ ವೈದ್ಯ ತೋಮಿಸಾಕು ಕವಾಸಾಕಿ 1961ರಲ್ಲಿ ಇಂಥ ಲಕ್ಷಣಗಳಿದ್ದ ನಾಲ್ಕು ವರ್ಷದ ಒಬ್ಬ ಹುಡುಗನನ್ನು ನೋಡಿದರು. ಆಗ ಗೊತ್ತಿದ್ದ ಯಾವ ಕಾಯಿಲೆಗೂ ಅದು ಸರಿಯಾಗಿ ಹೊಂದುತ್ತಿರಲಿಲ್ಲ. ಹುಡುಗ ಹುಷಾರಾಗಿ ಮನೆಗೆ ಹೋದ. ಆದರೆ ಅವರು ಅದನ್ನು ಮರೆಯಲಿಲ್ಲ. ಅಂಥದೇ ಮಕ್ಕಳು ಬಂದಾಗಲೆಲ್ಲ ಬರೆದಿಟ್ಟುಕೊಳ್ಳುತ್ತಾ ಹೋದರು. 1967ರಲ್ಲಿ 50 ಮಕ್ಕಳ ವಿವರ ಸೇರಿಸಿ ಜಪಾನಿ ಭಾಷೆಯಲ್ಲಿ ಪ್ರಕಟಿಸಿದರು. ಇದು ತಾನಾಗಿ ವಾಸಿಯಾಗುವ, ಹಿಂದೆ ಏನೂ ಉಳಿಸದ ಕಾಯಿಲೆ ಎಂದೇ ಮೊದಲು ಎಲ್ಲರೂ ಅಂದುಕೊಂಡಿದ್ದರು. ಆಮೇಲೆ ನೋಡಿದರೆ, ಜ್ವರ ಬಿಟ್ಟು ಚೇತರಿಸಿಕೊಂಡ ಕೆಲವು ಮಕ್ಕಳು ಇದ್ದಕ್ಕಿದ್ದಂತೆ ಸತ್ತಿದ್ದರು. ಶವಪರೀಕ್ಷೆಯಲ್ಲಿ ಹೃದಯದ ರಕ್ತನಾಳಗಳು ಉಬ್ಬಿ, ಅವುಗಳೊಳಗೆ ರಕ್ತ ಹೆಪ್ಪುಗಟ್ಟಿದ್ದು ಕಂಡಿತು. ಪುಟ್ಟ ಮಕ್ಕಳಿಗೆ ಹೃದಯಾಘಾತ! ಅಲ್ಲಿಂದ ಈ ಕಾಯಿಲೆಯನ್ನು ನೋಡುವ ರೀತಿಯೇ ಬದಲಾಯಿತು.

ಒಳಗೆ ಏನಾಗುತ್ತದೆ ಅಂತ ಮೊದಲು ಹೇಳುತ್ತೇನೆ. ಅದು ತಿಳಿದರೆ ಮುಂದಿನದೆಲ್ಲ ಸುಲಭ. ಹೃದಯ ಇಡೀ ಮೈಗೆ ರಕ್ತ ಕಳಿಸುತ್ತದೆ. ಅದರ ಸ್ವಂತ ಮಾಂಸಖಂಡಕ್ಕೆ ರಕ್ತ ಒದಗಿಸಲು ಕೊರೊನರಿ ರಕ್ತನಾಳಗಳು ಬೇರೆ ಇವೆ. ಎರಡು ಮೂರು ವರ್ಷದ ಮಗುವಿನಲ್ಲಿ ಇವುಗಳ ಅಗಲ ಎರಡು ಮಿಲಿಮೀಟರಿನ ಆಸುಪಾಸು, ಅಷ್ಟೇ. ಕವಾಸಾಕಿ ಕಾಯಿಲೆಯಲ್ಲಿ ಮಧ್ಯಮ ಗಾತ್ರದ ರಕ್ತನಾಳಗಳ ಗೋಡೆಗೆ ಉರಿಯೂತ ಬರುತ್ತದೆ. ಮೈಯ ರಕ್ಷಣಾ ಕಣಗಳೇ ಗೋಡೆಯೊಳಗೆ ನುಗ್ಗುತ್ತವೆ. ರಕ್ತನಾಳ ಹಿಗ್ಗಿ ಮತ್ತೆ ಕುಗ್ಗಲು ಬೇಕಾದ ಎಳೆಗಳು ಗೋಡೆಯಲ್ಲಿರುತ್ತವಲ್ಲ, ಅವುಗಳನ್ನೇ ತಿಂದುಹಾಕುತ್ತವೆ. ಸೈಕಲ್ ಟ್ಯೂಬ್ ಒಂದು ಕಡೆ ಸವೆದಾಗ ಗಾಳಿ ಹೊಡೆದರೆ ಆ ಜಾಗ ಉಬ್ಬಿಕೊಳ್ಳುವುದನ್ನು ನೀವು ನೋಡಿರುತ್ತೀರಿ. ಇಲ್ಲಿ ಗಾಳಿಯ ಬದಲು ರಕ್ತದ ಒತ್ತಡ. ಈ ಉಬ್ಬಿಗೆ ಅನ್ಯೂರಿಸಂ ಎನ್ನುತ್ತೇವೆ.

ಉಬ್ಬು ಅಂದ ಕೂಡಲೇ ಅದು ಒಡೆದುಹೋಗುತ್ತದೆ ಅಂತ ಎಲ್ಲರೂ ಹೆದರುತ್ತಾರೆ. ಒಡೆಯುವುದು ತುಂಬಾ ಅಪರೂಪ. ನಿಜವಾದ ಅಪಾಯ ಒಳಗೆ ರಕ್ತ ಹೆಪ್ಪುಗಟ್ಟುವುದು. ಅಗಲವಾದ ಜಾಗದಲ್ಲಿ ರಕ್ತ ನಿಧಾನವಾಗುತ್ತದೆ, ಸುತ್ತುತ್ತಾ ನಿಲ್ಲುತ್ತದೆ. ಗೋಡೆಯ ಒಳಪದರ ಹಾಳಾಗಿದೆ. ಅದರ ಮೇಲೆ, ಕಾಯಿಲೆಯ ಎರಡನೇ ಮೂರನೇ ವಾರದಲ್ಲಿ ರಕ್ತದಲ್ಲಿ ಪ್ಲೇಟ್‌ಲೆಟ್ ಸಂಖ್ಯೆ ವಿಪರೀತ ಏರುತ್ತದೆ. ಸಾಮಾನ್ಯವಾಗಿ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಇರಬೇಕಾದ್ದು ಏಳೆಂಟು ಲಕ್ಷ, ಕೆಲವೊಮ್ಮೆ ಹತ್ತು ಲಕ್ಷವೂ ಆಗುತ್ತದೆ. ಹೆಪ್ಪು ಕಟ್ಟಲು ಬೇಕಾದ ಎಲ್ಲವೂ ಒಂದೇ ಕಡೆ ಸೇರಿದಂತಾಯಿತು. ಜ್ವರ ಶುರುವಾಗಿ 15ರಿಂದ 45 ದಿನಗಳ ನಡುವೆ ಸಾವಿನ ಅಪಾಯ ಜಾಸ್ತಿ ಇರುವುದು ಇದೇ ಕಾರಣಕ್ಕೆ. ಆಗ ಜ್ವರ ಇರುವುದೇ ಇಲ್ಲ ಅನ್ನುವುದನ್ನು ಗಮನಿಸಿ.

ಕಾಯಿಲೆ ಯಾಕೆ ಬರುತ್ತದೆ ಎಂದು ಕೇಳಿದರೆ, ಇವತ್ತಿಗೂ ಕಾರಣ ಪತ್ತೆಯಾಗಿಲ್ಲ. ಯಾವುದೋ ಸೋಂಕು ಕಿಡಿ ಹೊತ್ತಿಸುತ್ತದೆ, ಹುಟ್ಟಿನಿಂದ ಬಂದ ಗುಣ ಇರುವ ಮಕ್ಕಳಲ್ಲಿ ಅದು ಹೀಗೆ ತಿರುಗುತ್ತದೆ ಎಂಬುದು ಹೆಚ್ಚಿನವರ ಅಭಿಪ್ರಾಯ. ಕಾಯಿಲೆ ಬಂದವರಲ್ಲಿ ಹೆಚ್ಚಿನವರು ಐದು ವರ್ಷದೊಳಗಿನವರು. ಹುಡುಗಿಯರಿಗಿಂತ ಹುಡುಗರಲ್ಲಿ ಸ್ವಲ್ಪ ಜಾಸ್ತಿ. ಒಂದು ಮಗುವಿನಿಂದ ಇನ್ನೊಂದಕ್ಕೆ ಅಂಟುವುದಿಲ್ಲ. ತಾಯಂದಿರು ಬಂದು "ನಾನೇನು ತಪ್ಪು ಮಾಡಿದೆ ಡಾಕ್ಟ್ರೇ?" ಅಂತ ಕಣ್ಣೀರು ಹಾಕುತ್ತಾರೆ. ಏನೂ ಮಾಡಿಲ್ಲ. ತಡೆಯುವ ದಾರಿ ಯಾರ ಕೈಯಲ್ಲೂ ಇರಲಿಲ್ಲ.

ಈಗ ಗುರುತಿಸುವ ವಿಷಯ. ಇದಕ್ಕೆ ಒಂದೇ ಏಟಿಗೆ ಹೌದು ಅಲ್ಲ ಅಂತ ಹೇಳುವ ರಕ್ತಪರೀಕ್ಷೆ ಇಲ್ಲ. ಐದು ದಿನ ಅಥವಾ ಹೆಚ್ಚು ಜ್ವರ ಇರಬೇಕು, ಜೊತೆಗೆ ಐದು ಲಕ್ಷಣಗಳಲ್ಲಿ ನಾಲ್ಕು ಇರಬೇಕು. ಎರಡೂ ಕಣ್ಣು ಕೆಂಪಾಗುವುದು ಒಂದು. ಇದರಲ್ಲಿ ಪಿಸುರು ಬರುವುದಿಲ್ಲ, ಕಪ್ಪು ಗುಡ್ಡೆಯ ಸುತ್ತ ಸಣ್ಣ ಬಿಳಿ ಅಂಚು ಉಳಿದಿರುತ್ತದೆ. ತುಟಿ ಕೆಂಪಾಗಿ ಒಡೆಯುವುದು, ನಾಲಿಗೆ ಸ್ಟ್ರಾಬೆರಿ ಹಣ್ಣಿನಂತೆ ಕೆಂಪಗೆ ತರಿತರಿಯಾಗುವುದು ಎರಡನೆಯದು. ಮೈಮೇಲಿನ ದದ್ದು ಮೂರನೆಯದು. ಇದಕ್ಕೆ ಇಂಥದೇ ರೂಪ ಅಂತಿಲ್ಲ, ಆದರೆ ನೀರು ತುಂಬಿದ ಗುಳ್ಳೆ ಇದ್ದರೆ ಬೇರೆ ಕಾಯಿಲೆ ಯೋಚಿಸಬೇಕು. ಕುತ್ತಿಗೆಯ ಒಂದು ಬದಿಯಲ್ಲಿ ಒಂದೂವರೆ ಸೆಂಟಿಮೀಟರ್‌ಗಿಂತ ದೊಡ್ಡ ಗಂಟು ನಾಲ್ಕನೆಯದು. ಎಲ್ಲಕ್ಕಿಂತ ಕಡಿಮೆ ಮಕ್ಕಳಲ್ಲಿ ಕಾಣುವುದು ಇದೇ. ಐದನೆಯದು ಕೈಕಾಲು. ಅಂಗೈ ಅಂಗಾಲು ಕೆಂಪಾಗುತ್ತವೆ, ಕೈಯ ಹಿಂಬದಿ ಬಿಗಿಯಾಗಿ ಊದುತ್ತದೆ. ಮಗು ಲೋಟ ಹಿಡಿಯುವುದಿಲ್ಲ. ನೆಲದ ಮೇಲೆ ನಿಲ್ಲಿಸಿದರೆ ಕಾಲು ಮಡಚಿಕೊಂಡು ಅಳುತ್ತದೆ.

ಪುಸ್ತಕದಲ್ಲಿ ಓದುವಾಗ ಇದೆಲ್ಲ ಸಲೀಸು. ಕಷ್ಟ ಎಲ್ಲಿ ಅಂದರೆ, ಈ ಲಕ್ಷಣಗಳು ಒಟ್ಟಿಗೆ ಬರುವುದಿಲ್ಲ. ಒಂದು ಬರುತ್ತದೆ, ಹೋಗುತ್ತದೆ. ಆಮೇಲೆ ಇನ್ನೊಂದು ಬರುತ್ತದೆ. ಯಾವ ದಿನ ನೋಡಿದರೂ ಮಗುವಿನ ಮೈಮೇಲೆ ಎರಡೇ ಸಿಗಬಹುದು. ಒಂದು ಮಗುವಿನ ಕತೆಯನ್ನು ದಿನದಿನವಾಗಿ ಹೇಳಿದರೆ ನಿಮಗೆ ಅರ್ಥವಾಗುತ್ತದೆ.

ಎರಡೂವರೆ ವರ್ಷದ ಹುಡುಗ. ತೂಕ 12 ಕೆಜಿ, ಎತ್ತರ 90 ಸೆಂಟಿಮೀಟರ್. ಮೊದಲ ದಿನ 103 ಡಿಗ್ರಿ ಜ್ವರ. ಎರಡನೇ ದಿನವೂ ಅಷ್ಟೇ. ಮೂರನೇ ದಿನ ಎರಡೂ ಕಣ್ಣು ಕೆಂಪಾದವು. ಗಂಟಲೂ ಕೆಂಪಗಿತ್ತು, ಗಂಟಲು ಸೋಂಕು ಅಂತ ಆಂಟಿಬಯೋಟಿಕ್ ಶುರುವಾಯಿತು. ನಾಲ್ಕನೇ ದಿನ ಎದೆ, ಬೆನ್ನ ಮೇಲೆ ದದ್ದು ಎದ್ದಿತು. ನಿನ್ನೆ ಕೊಟ್ಟ ಔಷಧಿ ಒಗ್ಗಲಿಲ್ಲ ಅಂದುಕೊಂಡು ಅದನ್ನು ಬದಲಾಯಿಸಿದರು. ಐದನೇ ದಿನ ಕಣ್ಣು ಬೆಳ್ಳಗಾಯಿತು, ತುಟಿ ಒಡೆದು ರಕ್ತ ಜಿನುಗಿತು. ಜ್ವರದಲ್ಲಿ ನೀರು ಕುಡಿದಿಲ್ಲ, ಅದಕ್ಕೇ ತುಟಿ ಒಣಗಿದೆ ಅಂದರು ಮನೆಯಲ್ಲಿ. ಆರನೇ ದಿನ ಕೈಕಾಲು ಊದಿದವು. ಏಳನೇ ದಿನ ನಮ್ಮ ಮುಂದೆ ಬಂದಾಗ ದದ್ದು ಹೆಚ್ಚುಕಡಿಮೆ ಮಾಯವಾಗಿತ್ತು. ಕುತ್ತಿಗೆಯಲ್ಲಿ ಗಂಟಿಲ್ಲ. ಕಣ್ಣಿಗೆ ಕಾಣುತ್ತಿದ್ದುದು ಬಾಯಿ ಮತ್ತು ಕೈಕಾಲು, ಎರಡೇ ಲಕ್ಷಣ. ಮಗುವಿಗೆ ವಿಪರೀತ ಕಿರಿಕಿರಿ. ತಾಯಿಯ ತೊಡೆ ಮೇಲೂ ಸಮಾಧಾನ ಇಲ್ಲ.

"ಈ ವಾರದಲ್ಲಿ ಕಣ್ಣು ಯಾವತ್ತಾದ್ರೂ ಕೆಂಪಾಗಿತ್ತೇನಮ್ಮಾ?" ಅಂತ ಕೇಳಿದೆವು.

"ಹೌದು ಡಾಕ್ಟ್ರೇ, ಎರಡು ದಿನ ಇತ್ತು. ಈಗ ಹೋಗಿದೆಯಲ್ಲ, ಅದಕ್ಕೇ ಹೇಳ್ಲಿಲ್ಲ."

"ಮೈಮೇಲೆ ಏನಾದ್ರೂ ಎದ್ದಿತ್ತಾ?"

ಅವರು ಫೋನ್ ತೆಗೆದು ನಾಲ್ಕನೇ ದಿನದ ಫೋಟೋ ತೋರಿಸಿದರು. ಬೆನ್ನ ತುಂಬಾ ಕೆಂಪು ದದ್ದು. ಅದೇ ಫೋಟೋದ ಅಂಚಿನಲ್ಲಿ ಮಗು ತಿರುಗಿ ನೋಡುತ್ತಿತ್ತು, ಕಣ್ಣು ಕೆಂಪಗಿತ್ತು, ಪಿಸುರು ಇರಲಿಲ್ಲ. ಲೆಕ್ಕ ಹಾಕಿ. ಕಣ್ಣು, ದದ್ದು, ಬಾಯಿ, ಕೈಕಾಲು. ನಾಲ್ಕಾಯಿತು. ಬಂದು ಹೋದ ಲಕ್ಷಣವೂ ಲೆಕ್ಕಕ್ಕೆ ಸೇರುತ್ತದೆ. ಇಲ್ಲಿರುವ ತಂದೆ ತಾಯಿಯರಿಗೆ ನನ್ನದೊಂದು ಬೇಡಿಕೆ. ಜ್ವರದ ಮಗುವಿನ ಮೈಮೇಲೆ ಹೊಸದೇನು ಕಂಡರೂ ಬೆಳಕಿನಲ್ಲಿ ಒಂದು ಫೋಟೋ ತೆಗೆದಿಡಿ. ಜ್ವರದ ಮೊದಲ ದಿನ ಯಾವುದು ಅಂತ ಬರೆದಿಡಿ. ಯಾಕೆಂದರೆ ಈ ಕಾಯಿಲೆಯಲ್ಲಿ ನಾವು ಮಾಡುವುದೆಲ್ಲ ಆ ದಿನದಿಂದ ಎಣಿಸಿಯೇ.

ರಕ್ತಪರೀಕ್ಷೆಯಲ್ಲಿ ಸಿಆರ್‌ಪಿ ಲೀಟರಿಗೆ 118 ಮಿಲಿಗ್ರಾಂ, ಇಎಸ್‌ಆರ್ 82. ಎರಡೂ ಉರಿಯೂತದ ಅಳತೆಗಳು, ಎರಡೂ ತುಂಬಾ ಜಾಸ್ತಿ. ದಡಾರದಂಥ ಬೇರೆ ಕಾಯಿಲೆಗಳನ್ನು ಪರೀಕ್ಷಿಸಿ ಬದಿಗಿಟ್ಟೆವು. ಅಡಿನೋವೈರಸ್ ಎಂಬುದೊಂದಿದೆ, ಅದೂ ಥೇಟ್ ಹೀಗೇ ಕಾಣಬಹುದು. ಆದರೆ ಅದರಲ್ಲಿ ಕಣ್ಣಿಗೆ ಪಿಸುರು ಬರುವುದು ಜಾಸ್ತಿ, ಕೈ ಊದುವುದು ಕಡಿಮೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಂದು ಮಾತು ಹೇಳಬೇಕು. ಈ ಹುಡುಗನಿಗೆ ಕೇಳಿ ನೋಡಿ ನಾಲ್ಕು ಲಕ್ಷಣ ಸಿಕ್ಕವು. ಕೆಲವು ಮಕ್ಕಳಿಗೆ ಎಷ್ಟು ಕೇಳಿದರೂ ಎರಡು ಮೂರೇ ಸಿಗುತ್ತವೆ. ಅದಕ್ಕೆ ಅಪೂರ್ಣ ಕವಾಸಾಕಿ ಎನ್ನುತ್ತೇವೆ. ಅಪೂರ್ಣ ಅಂದರೆ ಕಾಯಿಲೆ ಅರ್ಧ ಇದೆ, ಹೃದಯಕ್ಕೆ ಅಪಾಯ ಕಡಿಮೆ ಅಂತ ಖಂಡಿತಾ ಅಲ್ಲ. ಆರು ತಿಂಗಳೊಳಗಿನ ಕೂಸುಗಳನ್ನು ನೋಡಿ. ಲಕ್ಷಣ ಎಲ್ಲಕ್ಕಿಂತ ಕಡಿಮೆ ಕಾಣುವುದು ಅವುಗಳಲ್ಲಿ, ರಕ್ತನಾಳ ಉಬ್ಬುವ ಅಪಾಯ ಎಲ್ಲಕ್ಕಿಂತ ಜಾಸ್ತಿ ಇರುವುದೂ ಅವುಗಳಲ್ಲೇ. ಆದ್ದರಿಂದ ಅಷ್ಟು ಚಿಕ್ಕ ಕೂಸಿಗೆ ಕಾರಣ ಸಿಗದ ಜ್ವರ ಏಳು ದಿನ ದಾಟಿದರೆ, ದದ್ದು ಊತ ಏನೂ ಇಲ್ಲದಿದ್ದರೂ ಸಿಆರ್‌ಪಿ, ಇಎಸ್‌ಆರ್ ನೋಡಬೇಕು, ಎಕೋ ಎಂಬ ಹೃದಯದ ಸ್ಕ್ಯಾನ್ ಮಾಡಬೇಕು. ಒಂದು ಸಣ್ಣ ಸುಳಿವೂ ಇದೆ. ಬಿಸಿಜಿ ಲಸಿಕೆ ಹಾಕಿದ ಜಾಗ ತೋಳಿನಲ್ಲಿ ಇರುತ್ತದಲ್ಲ, ಕೆಲವು ಕೂಸುಗಳಲ್ಲಿ ಅದು ಕೆಂಪಾಗಿ ಊದುತ್ತದೆ. ಬೇರೆ ಜ್ವರಗಳಲ್ಲಿ ಹೀಗಾಗುವುದು ಅಪರೂಪ. ಕೂಸಿನ ಅಂಗಿ ತೆಗೆದು ತೋಳು ನೋಡಲು ಅರ್ಧ ನಿಮಿಷ ಸಾಕು.

ಹುಡುಗನ ಕತೆಗೆ ಬರೋಣ. ಏಳನೇ ದಿನವೇ ಎಕೋ ಮಾಡಿದೆವು. ಎಡಗಡೆಯ ಮುಖ್ಯ ಕವಲಿನ ಅಗಲ 2.3 ಮಿಲಿಮೀಟರ್. ಇದು ಸರಿಯೋ ತಪ್ಪೋ? ಬರೀ ಮಿಲಿಮೀಟರ್ ನೋಡಿ ಹೇಳಲಾಗದು. ಮೈ ಬೆಳೆದಂತೆ ರಕ್ತನಾಳವೂ ಬೆಳೆಯುತ್ತದೆ. ಅದಕ್ಕೇ ಮಗುವಿನ ತೂಕ, ಎತ್ತರದಿಂದ ಮೈಯ ಹೊರಮೈ ವಿಸ್ತೀರ್ಣ ಲೆಕ್ಕ ಹಾಕಿ, ಅಂಥ ಮಕ್ಕಳ ಸರಾಸರಿ ಅಗಲಕ್ಕಿಂತ ಇದು ಎಷ್ಟು ದೂರ ಇದೆ ಎಂದು ನೋಡುತ್ತೇವೆ. ಆ ದೂರಕ್ಕೆ ಜೆಡ್ ಸ್ಕೋರ್ ಎಂದು ಹೆಸರು. ಈ ಹುಡುಗನಷ್ಟು ಮೈಯಿರುವ ಮಗುವಿಗೆ ಆ ಕವಲಿನ ಸರಾಸರಿ ಸುಮಾರು 1.8 ಮಿಲಿಮೀಟರ್. 2.3 ಅಂದರೆ ಸ್ಕೋರ್ ಸುಮಾರು 2. ಎರಡರ ಒಳಗಿದ್ದರೆ ಸರಿ. ಎರಡರಿಂದ ಎರಡೂವರೆವರೆಗೆ ಸ್ವಲ್ಪ ಹಿಗ್ಗಿದೆ ಅಂತ. ಎರಡೂವರೆ ಮುಟ್ಟಿದರೆ ಸಣ್ಣ ಅನ್ಯೂರಿಸಂ, ಐದು ಮುಟ್ಟಿದರೆ ಮಧ್ಯಮ. ಹತ್ತು ಮುಟ್ಟಿದರೆ, ಅಥವಾ ಅಗಲ 8 ಮಿಲಿಮೀಟರ್ ಆದರೆ, ಅದು ದೈತ್ಯ ಅನ್ಯೂರಿಸಂ. ಈ ಹುಡುಗ ಗೆರೆಯ ಮೇಲೇ ನಿಂತಿದ್ದ.

ಮೊದಲ ಎಕೋ ಸರಿ ಇದ್ದರೆ ಕಾಯಿಲೆ ಇಲ್ಲ ಎಂದು ಅರ್ಥವಲ್ಲ. ಇದನ್ನು ಯುವ ವೈದ್ಯರಿಗೆ ಒತ್ತಿ ಹೇಳುತ್ತೇನೆ. ಮೊದಲ ವಾರದಲ್ಲಿ ರಕ್ತನಾಳ ಉಬ್ಬಿರುವುದೇ ಕಡಿಮೆ. ಎಕೋ ಚೆನ್ನಾಗಿ ಬಂದಿದೆ ಅಂತ ಚಿಕಿತ್ಸೆ ಮುಂದೆ ಹಾಕಿದರೆ, ತಡೆಯಬಹುದಾಗಿದ್ದ ಉಬ್ಬನ್ನು ನಾವೇ ಕಾದು ಕುಳಿತು ನೋಡಿದಂತೆ.

ಚಿಕಿತ್ಸೆ ಅಂದರೆ ಮುಖ್ಯವಾಗಿ ಇಮ್ಯುನೊಗ್ಲಾಬ್ಯುಲಿನ್. ಆಸ್ಪತ್ರೆಯಲ್ಲಿ ಇದಕ್ಕೆ ಐವಿಐಜಿ ಎನ್ನುತ್ತಾರೆ. ಸಾವಿರಾರು ರಕ್ತದಾನಿಗಳ ಪ್ಲಾಸ್ಮಾದಿಂದ ತೆಗೆದ ಪ್ರತಿಕಾಯಗಳು ಇದರಲ್ಲಿರುತ್ತವೆ. ಕೆಜಿಗೆ 2 ಗ್ರಾಂ ಲೆಕ್ಕದಲ್ಲಿ ಒಂದೇ ಸಲಕ್ಕೆ, ಹತ್ತು ಹನ್ನೆರಡು ಗಂಟೆಗಳ ಕಾಲ ಡ್ರಿಪ್‌ನಲ್ಲಿ ಹೋಗುತ್ತದೆ. ನಮ್ಮ ಹುಡುಗನಿಗೆ 24 ಗ್ರಾಂ, ಅಂದರೆ ನೂರಕ್ಕೆ ಹತ್ತರ ದ್ರಾವಣದಲ್ಲಿ 240 ಮಿಲಿಲೀಟರ್. ಮೊದಲು ತೀರಾ ನಿಧಾನ ಬಿಡುತ್ತೇವೆ. ನಡುಕ, ದದ್ದು, ಬಿಪಿ ಇಳಿಯುವುದು ಏನೂ ಇಲ್ಲದಿದ್ದರೆ ವೇಗ ಹೆಚ್ಚಿಸುತ್ತೇವೆ. ಹೃದಯದ ಮಾಂಸಖಂಡಕ್ಕೇ ಉರಿಯೂತ ಬಂದು ಅದು ಸೋತಿದ್ದರೆ ಇಷ್ಟು ದ್ರವವೂ ಹೊರೆಯಾಗಬಹುದು. ಆದ್ದರಿಂದ ಮೊದಲು ಹೃದಯ ಹೇಗೆ ಬಡಿಯುತ್ತಿದೆ ಎಂದು ನೋಡಿಕೊಳ್ಳುತ್ತೇವೆ. ಜ್ವರಕ್ಕೆ ತಕ್ಕುದಕ್ಕಿಂತ ಬಡಿತ ತುಂಬಾ ಜಾಸ್ತಿ ಇರುವುದು ಆ ಉರಿಯೂತದ ಒಂದು ಗುರುತು.

ಐವಿಐಜಿ ಕೊಡದಿದ್ದರೆ ನೂರರಲ್ಲಿ 20ರಿಂದ 25 ಮಕ್ಕಳಿಗೆ ರಕ್ತನಾಳದ ತೊಂದರೆ ಆಗುತ್ತದೆ. ಹತ್ತು ದಿನದೊಳಗೆ ಕೊಟ್ಟರೆ ಅನ್ಯೂರಿಸಂ ಆಗುವುದು ನೂರರಲ್ಲಿ ನಾಲ್ಕರ ಆಸುಪಾಸಿಗೆ ಇಳಿಯುತ್ತದೆ. ಹತ್ತು ದಿನ ದಾಟಿದ ಮಗು ಬಂದರೆ ಏನು ಮಾಡಬೇಕು? ಜ್ವರ ಇನ್ನೂ ಇದ್ದರೆ, ಸಿಆರ್‌ಪಿ ಇನ್ನೂ ಮೇಲಿದ್ದರೆ, ಕೊಡಲೇಬೇಕು. ಹತ್ತನೇ ದಿನಕ್ಕೆ ಬಾಗಿಲು ಮುಚ್ಚಿತು ಅಂತ ಯಾರೂ ಕೈಚೆಲ್ಲಬೇಡಿ.

ಜೊತೆಗೆ ಆಸ್ಪಿರಿನ್ ಇರುತ್ತದೆ. ಜ್ವರ ಇರುವಾಗ ಹೆಚ್ಚು ಪ್ರಮಾಣ, ಜ್ವರ ಬಿಟ್ಟು ಎರಡು ಮೂರು ದಿನವಾದ ಮೇಲೆ ಕೆಜಿಗೆ 3ರಿಂದ 5 ಮಿಲಿಗ್ರಾಂ, ದಿನಕ್ಕೊಮ್ಮೆ. ಈ ಸಣ್ಣ ಪ್ರಮಾಣ ಜ್ವರಕ್ಕಲ್ಲ, ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟದಿರಲಿ ಅಂತ. ಈ ಹುಡುಗನಿಗೆ 75 ಮಿಲಿಗ್ರಾಂ ಮಾತ್ರೆಯ ಅರ್ಧ ಸಾಕಾಯಿತು. ಆಸ್ಪಿರಿನ್ ನಡೆಯುವಾಗ ಐಬುಪ್ರೊಫೆನ್ ಕೊಡಬಾರದು. ಅದು ಪ್ಲೇಟ್‌ಲೆಟ್ ಮೇಲೆ ಆಸ್ಪಿರಿನ್ ಮಾಡುವ ಕೆಲಸಕ್ಕೇ ಅಡ್ಡ ಬರುತ್ತದೆ. ಶೀತ ಜ್ವರ ಬಂದರೆ ಪ್ಯಾರಾಸಿಟಮಾಲ್ ಸಾಕು.

ಡ್ರಿಪ್ ಮುಗಿದ ಬೆಳಿಗ್ಗೆ ಹುಡುಗನ ಜ್ವರ ಇಳಿದಿತ್ತು. ಬಿಸ್ಕೆಟ್ ಕೇಳಿ ತಿಂದ. ಮನೆಗೆ ಹೋಗುತ್ತೇವೆ ಅಂತ ತಂದೆ ಕೇಳಿದರು. ಇನ್ನೆರಡು ದಿನ ಇರಿ ಅಂದೆವು. ಡ್ರಿಪ್ ಮುಗಿದು 40 ಗಂಟೆಗೆ ಜ್ವರ ಮತ್ತೆ ಬಂತು, 102. ಮುಗಿದ 36 ಗಂಟೆಗಳ ಮೇಲೂ ಜ್ವರ ಇದ್ದರೆ, ಅಥವಾ ಹೋಗಿ ಮತ್ತೆ ಬಂದರೆ, ಮೊದಲ ಡೋಸ್ ಸಾಲಲಿಲ್ಲ ಎಂದು ಅರ್ಥ. ನೂರರಲ್ಲಿ ಹತ್ತರಿಂದ ಇಪ್ಪತ್ತು ಮಕ್ಕಳಿಗೆ ಹೀಗಾಗುತ್ತದೆ. ಉಬ್ಬು ಬರುವ ಅಪಾಯ ಇವರಲ್ಲೇ ಜಾಸ್ತಿ. ಹುಡುಗನಿಗೆ ಅದೇ ಪ್ರಮಾಣದ ಐವಿಐಜಿಯನ್ನು ಇನ್ನೊಮ್ಮೆ ಕೊಟ್ಟು, ಜೊತೆಗೆ ಸ್ಟಿರಾಯ್ಡ್ ಶುರು ಮಾಡಿದೆವು. ಬೇರೆ ಮಕ್ಕಳಲ್ಲಿ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಔಷಧಿಯನ್ನೂ ಬಳಸುತ್ತೇವೆ. ಜ್ವರ ನಿಂತಿತು. ಇಲ್ಲೊಂದು ಎಚ್ಚರಿಕೆ. ಐವಿಐಜಿ ಕೊಟ್ಟ ಮೇಲೆ ಇಎಸ್‌ಆರ್ ಆ ಔಷಧಿಯಿಂದಲೇ ಏರುತ್ತದೆ. ಅದನ್ನು ನೋಡಿ ಕಾಯಿಲೆ ಕಡಿಮೆಯಾಗಿಲ್ಲ ಎಂದು ಗಾಬರಿಯಾಗಬಾರದು, ಸಿಆರ್‌ಪಿ ನೋಡಬೇಕು.

ಹದಿನಾಲ್ಕನೇ ದಿನ ಹುಡುಗ ನಗುತ್ತಾ ಬಂದ. ಬೆರಳ ತುದಿಯಲ್ಲಿ, ಉಗುರು ಚರ್ಮ ಸೇರುವ ಜಾಗದಿಂದ, ತೆಳುವಾದ ಹಾಳೆಯಾಗಿ ಚರ್ಮ ಸುಲಿಯುತ್ತಿತ್ತು. ನೋವಿಲ್ಲ, ಕೆಳಗೆ ಹೊಸ ಚರ್ಮ ಗುಲಾಬಿ ಬಣ್ಣ. ಇದು ಕವಾಸಾಕಿಯ ಗುರುತೇ, ಆದರೆ ತಡವಾಗಿ ಬರುವ ಗುರುತು. ಇದಕ್ಕೆ ಕಾದು ಕಾಯಿಲೆ ಹೆಸರಿಸಿದರೆ ಹೊತ್ತು ಮೀರಿರುತ್ತದೆ. ಪ್ಲೇಟ್‌ಲೆಟ್ 7.8 ಲಕ್ಷ ಇತ್ತು. ಎಕೋದಲ್ಲಿ ಅದೇ ಕವಲು ಈಗ 2.9 ಮಿಲಿಮೀಟರ್. ಸ್ಕೋರ್ 4.3. ಸಣ್ಣ ಅನ್ಯೂರಿಸಂ. ಹದಿಹರೆಯದ ದೊಡ್ಡ ಹುಡುಗನಲ್ಲಿ ಇದೇ 2.9 ಇದ್ದಿದ್ದರೆ ಪೂರ್ತಿ ಸರಿ ಎನ್ನುತ್ತಿದ್ದೆವು. ಎಕೋ ವರದಿಯಲ್ಲಿ ಬರೀ ಮಿಲಿಮೀಟರ್ ಬರೆದಿದ್ದರೆ ಸ್ಕೋರ್ ಎಷ್ಟು ಅಂತ ಕೇಳಿ. ಆ ದಿನ ಮಗುವಿನ ತೂಕ, ಎತ್ತರ ಅಳೆದಿದ್ದಾರಾ ಅಂತಲೂ ಕೇಳಿ.

ತಾಯಿಯ ಮುಖ ಬಾಡಿತು. "ಜ್ವರ ಬಿಟ್ಟಿದೆ, ಊಟ ಮಾಡ್ತಾನೆ, ಇನ್ನೇನು ಡಾಕ್ಟ್ರೇ?" ಅಂದರು. ಅವರ ಪ್ರಶ್ನೆ ನ್ಯಾಯವೇ. ಹೊರಗಿನ ಕಾಯಿಲೆ ಮುಗಿದಿತ್ತು, ಗೋಡೆಗೆ ಆದ ಗಾಯ ಆಗಷ್ಟೇ ಕಾಣತೊಡಗಿತ್ತು. ಎರಡೂವರೆ ದಾಟಿ ಬೆಳೆಯುತ್ತಿರುವ ಉಬ್ಬನ್ನು ವಾರಕ್ಕೆ ಎರಡು ಸಲವಾದರೂ ನೋಡಬೇಕು, ಬೆಳೆಯುವುದು ನಿಲ್ಲುವವರೆಗೆ. ಹಾಗೇ ಮಾಡಿದೆವು. ಅದು 2.9ಕ್ಕೇ ನಿಂತಿತು. ರಕ್ತನಾಳ ಸರಿಯಾಗಿಯೇ ಇರುವ ಮಕ್ಕಳಿಗೆ ಇಷ್ಟೆಲ್ಲ ಬೇಡ. ಚಿಕಿತ್ಸೆಯಾದ ಒಂದೆರಡು ವಾರಕ್ಕೆ ಒಂದು ಸಲ, ನಾಲ್ಕರಿಂದ ಆರು ವಾರಕ್ಕೆ ಇನ್ನೊಂದು ಸಲ ಎಕೋ ಮಾಡಿ, ಎರಡೂ ಚೆನ್ನಾಗಿದ್ದರೆ ಆಸ್ಪಿರಿನ್ ನಿಲ್ಲಿಸುತ್ತೇವೆ. ಈ ಹುಡುಗನಿಗೆ ಉಬ್ಬು ಇದ್ದದ್ದರಿಂದ ಆಸ್ಪಿರಿನ್ ಮುಂದುವರಿಯಿತು.

ಒಂದು ವರ್ಷದ ಹೊತ್ತಿಗೆ ಅವನಿಗೆ 14 ಕೆಜಿ. ಕವಲಿನ ಅಗಲ 2.1 ಮಿಲಿಮೀಟರ್, ಬೆಳೆದ ಮೈಗೆ ಸರಿಯಾದ ಅಳತೆ. ಒಂದೆರಡು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಉಬ್ಬುಗಳು ಹೀಗೆ ಕುಗ್ಗುತ್ತವೆ. ಸಣ್ಣದಿದ್ದಷ್ಟೂ ಕುಗ್ಗುವ ಸಾಧ್ಯತೆ ಜಾಸ್ತಿ. ಆದರೆ ಕುಗ್ಗಿದ ಗೋಡೆ ಮೊದಲಿನ ಗೋಡೆ ಅಲ್ಲ. ಒಳಪದರ ದಪ್ಪಗಾಗಿಯೇ ಅದು ಕುಗ್ಗಿರುತ್ತದೆ. ಬೇಕಾದಾಗ ಹಿಗ್ಗುವ ಗುಣ ಅದರಲ್ಲಿ ಕಡಿಮೆ. ಆದ್ದರಿಂದ ಅವನನ್ನು ನಾವು ಕೈಬಿಡುವುದಿಲ್ಲ. ದೂರದೂರದ ಅಂತರದಲ್ಲಿ ನೋಡುತ್ತಲೇ ಇರುತ್ತೇವೆ. ದೊಡ್ಡವನಾದ ಮೇಲೆ ಬೇರೆ ವೈದ್ಯರ ಹತ್ತಿರ ಹೋದಾಗ, ಚಿಕ್ಕಂದಿನಲ್ಲಿ ಹೀಗಾಗಿತ್ತು ಎಂದು ಅವನೇ ಹೇಳಬೇಕು. ಹಳೆಯ ಎಕೋ ವರದಿಗಳನ್ನು ಮನೆಯವರು ಎಸೆಯಬಾರದು.

ದೈತ್ಯ ಅನ್ಯೂರಿಸಂ ಆದ ಮಕ್ಕಳ ದಾರಿ ಬೇರೆ. ಅವು ಮಾಮೂಲಿ ಅಳತೆಗೆ ಮರಳುವುದು ಕಡಿಮೆ. ಒಳಗೆ ಹೆಪ್ಪು ಕಟ್ಟುವುದು ಒಂದು ಅಪಾಯ. ವರ್ಷಗಳು ಕಳೆದಂತೆ ಉಬ್ಬಿನ ಎರಡು ತುದಿಗಳಲ್ಲಿ ನಾಳ ಕಿರಿದಾಗುವುದು ಇನ್ನೊಂದು. ಇವರಿಗೆ ಆಸ್ಪಿರಿನ್ ಒಂದೇ ಸಾಲದು. ವಾರ್ಫರಿನ್ ಅಥವಾ ಹೆಪಾರಿನ್ ಜಾತಿಯ ಚುಚ್ಚುಮದ್ದು ಸೇರಿಸುತ್ತೇವೆ. ವಾರ್ಫರಿನ್ ಆದರೆ ಐಎನ್‌ಆರ್ ಎಂಬ ಪರೀಕ್ಷೆ ಆಗಾಗ ಮಾಡಿ 2ರಿಂದ 3ರ ನಡುವೆ ಇಡಬೇಕು. ಅದಕ್ಕಿಂತ ಕೆಳಗಿದ್ದರೆ ಹೆಪ್ಪು ಕಟ್ಟುವ ಭಯ, ಮೇಲಿದ್ದರೆ ರಕ್ತಸ್ರಾವದ ಭಯ. ಚಿಕ್ಕ ಮಗು "ಎದೆ ನೋವು" ಅಂತ ಹೇಳುವುದಿಲ್ಲ. ಇದ್ದಕ್ಕಿದ್ದಂತೆ ಬಿಳಿಚಿಕೊಂಡು ಬೆವರುವುದು, ಕಾರಣವಿಲ್ಲದ ವಾಂತಿ, ಹೊಟ್ಟೆನೋವು, ಸಮಾಧಾನವಾಗದ ಅಳು, ಇವೇ ಅದರ ಹೃದಯಾಘಾತದ ಮಾತು. ಇಂಥ ಮಗುವಿಗೆ ಅಜೀರ್ಣ ಆಗಿದೆ ಅಂತ ಮನೆಯಲ್ಲಿ ಕಾಯಬಾರದು. ಆಗಲೇ ಆಸ್ಪತ್ರೆಗೆ ತಂದು, ಉಬ್ಬು ಇರುವ ವಿಷಯ ಮೊದಲ ಮಾತಿನಲ್ಲೇ ಹೇಳಬೇಕು.

ಓಡಿ ಆಡಬಹುದಾ ಅಂತ ಮುಂದಿನ ಸಾಲಿನಲ್ಲಿ ಒಬ್ಬರು ಕೇಳಿದರು. ರಕ್ತನಾಳಕ್ಕೆ ಏನೂ ಆಗದ ಮಗು ಆರೆಂಟು ವಾರದ ನಂತರ ಎಲ್ಲರಂತೆ ಆಡಬಹುದು. ಸುಮ್ನೆ ಕೂರಿಸಿ ಬೆಳೆಸುವುದು ಬೇಡ. ಆಸ್ಪಿರಿನ್ ಜೊತೆ ಇನ್ನೊಂದು ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವ ಮಕ್ಕಳಿಗೆ ಮಾತ್ರ, ಮೈಗೆ ಮೈ ಡಿಕ್ಕಿ ಹೊಡೆಯುವ ಆಟ ಬೇಡ. ಮತ್ತೆ ಬರುತ್ತದಾ ಎಂಬುದು ಇನ್ನೊಂದು ಪ್ರಶ್ನೆ. ಬರಬಹುದು, ಆದರೆ ಅಪರೂಪ. ಜಪಾನಿನಲ್ಲಿ ನೂರರಲ್ಲಿ ಸುಮಾರು ಮೂರು ಮಕ್ಕಳಿಗೆ ಎರಡನೇ ಸಲ ಬಂದಿದೆ.

ಲಸಿಕೆಯ ವಿಷಯ ಮನೆಗೆ ಹೋಗುವ ದಿನವೇ ಬರೆದುಕೊಡಬೇಕು, ಇಲ್ಲದಿದ್ದರೆ ಮರೆತುಹೋಗುತ್ತದೆ. ಐವಿಐಜಿಯಲ್ಲಿ ಬಂದ ಪ್ರತಿಕಾಯಗಳು ತಿಂಗಳುಗಟ್ಟಲೆ ಮೈಯಲ್ಲಿ ಇರುತ್ತವೆ. ಎಂಎಂಆರ್, ಸೀತಾಳೆ ಸಿಡುಬಿನಂಥ ಜೀವಂತ ಲಸಿಕೆಗಳನ್ನು ಅವು ಕೆಲಸ ಮಾಡಲು ಬಿಡುವುದಿಲ್ಲ. ಅದಕ್ಕೆ ಆ ಎರಡನ್ನು 11 ತಿಂಗಳು ಮುಂದೆ ಹಾಕುತ್ತೇವೆ. ಈ ಹುಡುಗನಿಗೆ ಎರಡು ಸಲ ಐವಿಐಜಿ ಹೋಗಿತ್ತು, ಆದ್ದರಿಂದ 11 ತಿಂಗಳ ಎಣಿಕೆ ಎರಡನೆಯದರಿಂದ. ಜೀವಂತವಲ್ಲದ ಉಳಿದ ಲಸಿಕೆಗಳನ್ನು ಅವುಗಳ ಹೊತ್ತಿಗೇ ಹಾಕಿಸಬಹುದು. ಆಸ್ಪಿರಿನ್ ತಿಂಗಳುಗಟ್ಟಲೆ ನಡೆಯುವುದಿದ್ದರೆ ಫ್ಲೂ ಚುಚ್ಚುಮದ್ದು ಹಾಕಿಸಲೇಬೇಕು, ಮನೆಯ ಉಳಿದವರೂ ಹಾಕಿಸಿಕೊಂಡರೆ ಒಳ್ಳೆಯದು. ಆಸ್ಪಿರಿನ್ ತೆಗೆದುಕೊಳ್ಳುವ ಮಗುವಿಗೆ ಫ್ಲೂ ಅಥವಾ ಸೀತಾಳೆ ಸಿಡುಬು ಬಂದರೆ ರೈ ಸಿಂಡ್ರೋಮ್ ಎಂಬ, ಮಿದುಳು ಮತ್ತು ಲಿವರ್‌ಗೆ ಹೊಡೆತ ಕೊಡುವ ಅಪರೂಪದ ತೊಂದರೆ ಆಗಬಹುದು. ಮನೆಯಲ್ಲೋ ಶಾಲೆಯಲ್ಲೋ ಯಾರಿಗಾದರೂ ಇವೆರಡರಲ್ಲಿ ಒಂದು ಬಂದಿದೆ ಅಂತ ಗೊತ್ತಾದರೆ, ಆ ದಿನವೇ ವೈದ್ಯರಿಗೆ ಫೋನ್ ಮಾಡಿ. ಆಸ್ಪಿರಿನ್ ನಿಲ್ಲಿಸಬೇಕಾ, ಬದಲಿಗೆ ಬೇರೆ ಔಷಧಿ ಕೊಡಬೇಕಾ ಎಂದು ಅವರು ಹೇಳುತ್ತಾರೆ. ಉಬ್ಬು ಇರುವ ಮಗುವಿಗೆ ನೀವಾಗಿಯೇ ನಿಲ್ಲಿಸುವುದು ಮಾತ್ರ ಬೇಡ.